ದಸರಾ ರೂಮ್ ಬುಕ್ ಮಾಡಿದ್ದೀರಾ? ಹೋಟೆಲಿನವರೇ ಹೇಳಿದರೂ ಕ್ಯಾನ್ಸಲ್ ಒತ್ತಬೇಡಿ

ಮೈಸೂರು ದಸರಾಕ್ಕೆ ಎರಡು ತಿಂಗಳು ಮೊದಲೇ ಆ್ಯಪ್‌ನಲ್ಲಿ ರೂಮ್ ಹಿಡಿದು, ಕನ್ಫರ್ಮ್ ಮೆಸೇಜ್ ಬಂತು, ಇನ್ನೇನೂ ಚಿಂತೆ ಇಲ್ಲ ಅಂತ ಕೂತಿರುವವರು ದಯವಿಟ್ಟು ಓದಿ. ಹಬ್ಬ ಹತ್ತಿರ ಬಂದಾಗ ಹೋಟೆಲಿನಿಂದ ಫೋನ್ ಬರುತ್ತದೆ. ಬಹಳ ವಿನಯದ ಫೋನ್. "ನೀವೇ ಆ್ಯಪ್‌ನಲ್ಲಿ ಕ್ಯಾನ್ಸಲ್ ಮಾಡಿಬಿಡಿ ಸಾರ್" ಅನ್ನುತ್ತಾರೆ. ಮಾಡಬೇಡಿ. ಏನೇ ಹೇಳಲಿ, ಮಾಡಬೇಡಿ.

2025ರ ದಸರಾಕ್ಕೆ ನಮಗೆ ಬಂದ ಫೋನ್ ಹೀಗಿತ್ತು. ರೂಮ್ ಬುಕ್ ಆಗಿದ್ದು ರಾತ್ರಿಗೆ 1,800 ರೂಪಾಯಿಗೆ, ಹಣ ಹೋಟೆಲಿನಲ್ಲೇ ಕೊಡುವ ಲೆಕ್ಕದಲ್ಲಿ. "ಆ ಫ್ಲೋರ್‌ನಲ್ಲಿ ಪೈಪ್ ಒಡೆದಿದೆ ಸಾರ್, ರೂಮ್ ಪೂರ್ತಿ ಬಂದ್. ನೀವು ಕ್ಯಾನ್ಸಲ್ ಕೊಡಿ, ನಿಮ್ಮದೊಂದು ರೂಪಾಯಿ ಹೋಗಲ್ಲ." ಪಾಪ, ಪೈಪ್ ಒಡೆಯುವುದಕ್ಕೆ ಯಾರೇನು ಮಾಡುತ್ತಾರೆ ಅನ್ನಿಸುತ್ತದಲ್ಲ? ಆ ಫೋನ್ ಕಿವಿಯಲ್ಲಿರುವಾಗಲೇ ಮನೆಯವರ ಮೊಬೈಲಿನಲ್ಲಿ ಅದೇ ಹೋಟೆಲ್, ಅದೇ ದಿನಾಂಕ ಹಾಕಿ ನೋಡಿದೆವು. ಅದೇ ಫೋಟೊ, ಕಿಟಕಿಗೆ ಅದೇ ಹಸಿರು ಪರದೆ, ಗೋಡೆಯ ಮೇಲೆ ಅದೇ ಓರೆಯಾಗಿ ತೂಗುಹಾಕಿದ ಅಂಬಾರಿ ಚಿತ್ರ. ರೇಟು 5,400.

"ಪೈಪ್ ಒಡೆದ ರೂಮ್ ಮತ್ತೆ ಮಾರಾಟಕ್ಕಿದೆಯಲ್ಲ?" ಅಂದರೆ, "ಅದು ಬೇರೆ ಕೆಟಗರಿ ಸಾರ್."
"ಫೋಟೊ ಒಂದೇ ಇದೆಯಲ್ರೀ?"
"ಎಲ್ಲಾ ಕೆಟಗರಿಗೂ ಒಂದೇ ಫೋಟೊ ಹಾಕಿರ್ತೀವಿ ಸಾರ್."

ಮುಖಕ್ಕೆ ಹೊಡೆದ ಹಾಗಾಯಿತು. ಪೈಪ್ ಒಡೆದ ಕಥೆಗೆ ಅಯ್ಯೋ ಅಂದವರು ನಾವೇ! ಕಡೆಗೆ ಆತ ಬಾಯಿಬಿಟ್ಟೇ ಹೇಳಿದ: "ದಸರಾ ಅಂದ್ರೆ ನಿಮಗೇ ಗೊತ್ತಲ್ಲ ಸಾರ್. ಬೇಕಿದ್ರೆ 5,000ಕ್ಕೆ ಮಾಡಿಕೊಡ್ತೀನಿ."

ಇಷ್ಟೆಲ್ಲ ಸುಳ್ಳು ಯಾಕೆ, ಅವರೇ ಕ್ಯಾನ್ಸಲ್ ಮಾಡಬಹುದಲ್ಲ? ಅಲ್ಲೇ ಇರುವುದು ಗುಟ್ಟು. ಹೋಟೆಲು ತಾನಾಗಿ ಬುಕಿಂಗ್ ರದ್ದು ಮಾಡಿದರೆ ಆ್ಯಪ್‌ನವರ ಮುಂದೆ ಅದು ಹೋಟೆಲಿನ ತಪ್ಪು. ಎಷ್ಟೋ ಆ್ಯಪ್‌ಗಳ ನಿಯಮದಲ್ಲಿ ಆಗ ಗ್ರಾಹಕನಿಗೆ ಬೇರೆ ರೂಮ್ ಹುಡುಕಿಕೊಡುವ ಜವಾಬ್ದಾರಿ ಬರುತ್ತದೆ, ಹೋಟೆಲಿಗೆ ದಂಡವೂ ಬೀಳಬಹುದು. ಅದೇ ಕ್ಯಾನ್ಸಲ್ ನಿಮ್ಮ ಬೆರಳಿಂದ ಆದರೆ ದಾಖಲೆಯಲ್ಲಿ ಉಳಿಯುವುದು 'ಗ್ರಾಹಕ ರದ್ದು ಮಾಡಿದರು' ಅಂತ ಒಂದೇ ಸಾಲು. ದೂರು ಕೊಡಲು ಏನೂ ಇಲ್ಲ. ರೂಮ್ ಅವರ ಕೈಗೆ ವಾಪಸ್, ಮೂರು ಪಟ್ಟು ರೇಟಿಗೆ. ಮುಂಗಡ ಕಟ್ಟಿದ, ರಿಫಂಡ್ ಇಲ್ಲದ ಬುಕಿಂಗ್ ಆಗಿದ್ದರಂತೂ ದುಡ್ಡೂ ಹೋಯಿತು.

ಇದಕ್ಕೆ ಅವರು ಆರಿಸಿಕೊಳ್ಳುವ ಸಮಯ ನೋಡಿ. ರೈಲಿನ ಟಿಕೆಟ್ ಮಾರಾಟ ಪ್ರಯಾಣದ ದಿನ ಬಿಟ್ಟು 60 ದಿನ ಮೊದಲು, ಬೆಳಿಗ್ಗೆ 8ಕ್ಕೆ ತೆರೆಯುತ್ತದೆ. (120 ದಿನ ಇದ್ದದ್ದು 2024ರ ನವೆಂಬರ್ 1ರಿಂದ 60 ಆಯಿತು. ಹಳೇ ಲೆಕ್ಕದಲ್ಲಿ ಇನ್ನೂ ಕಾಯುವವರಿದ್ದಾರೆ.) 2025ರ ಜಂಬೂ ಸವಾರಿ ಅಕ್ಟೋಬರ್ 2ಕ್ಕೆ. ಸೆಪ್ಟೆಂಬರ್ 30ರ ರಾತ್ರಿ ಧಾರವಾಡ, ಹುಬ್ಬಳ್ಳಿ ಕಡೆಯಿಂದ ಹೊರಡುವುದಾದರೆ ಟಿಕೆಟ್ ತೆರೆದದ್ದು ಆಗಸ್ಟ್ 1ಕ್ಕೆ. ಅಕ್ಟೋಬರ್ 3ರ ರಾತ್ರಿ ವಾಪಸ್ ಟಿಕೆಟ್ ಆಗಸ್ಟ್ 4ಕ್ಕೆ. ಅಂದರೆ ಹೋಟೆಲಿನವರು ಫೋನ್ ಮಾಡುವ ಹೊತ್ತಿಗೆ ನಿಮ್ಮ ಟಿಕೆಟ್ ಕೈಯಲ್ಲಿರುತ್ತದೆ, ರಜೆ ಹಾಕಿ ಆಗಿರುತ್ತದೆ. ಸ್ಲೀಪರ್ ಟಿಕೆಟ್ ರದ್ದು ಮಾಡಿದರೆ 2025ರಲ್ಲಿ 48 ಗಂಟೆಗೂ ಮೊದಲಾದರೆ ತಲೆಗೆ 120 ರೂಪಾಯಿ ಕಡಿತವಿತ್ತು, ಅದು ದೊಡ್ಡದಲ್ಲ. ಆದರೆ ಬಿಟ್ಟುಕೊಟ್ಟ ಸೀಟು ಹಬ್ಬದ ವಾರದಲ್ಲಿ ಮತ್ತೆ ಸಿಗುತ್ತದಾ? ಇದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಆ 60 ದಿನದ ಲೆಕ್ಕ ಹಾಕುವುದು ರೈಲು ಮೂಲ ನಿಲ್ದಾಣದಿಂದ ಹೊರಡುವ ದಿನಕ್ಕೆ. ಧಾರವಾಡದಿಂದ ಸಂಜೆ ಮೇಲೆ ಬಿಟ್ಟ ಮೈಸೂರು ರೈಲು ಅರಸೀಕೆರೆಗೆ ಬರುವಾಗ ನಡುರಾತ್ರಿ ದಾಟಿರುತ್ತದೆ. ಅರಸೀಕೆರೆಯವರಿಗೆ ಟಿಕೆಟ್ಟಿನಲ್ಲಿ ಮರುದಿನದ ತಾರೀಖು, ಮಾರಾಟ ಮಾತ್ರ ಅವರ ಲೆಕ್ಕಕ್ಕಿಂತ ಒಂದು ದಿನ ಮೊದಲೇ ತೆರೆದಿರುತ್ತದೆ. ಇನ್ನೊಂದು, 2025ರ ಅಕ್ಟೋಬರ್ 1ರಿಂದ IRCTC ಯಲ್ಲಿ ಮಾರಾಟ ತೆರೆದ ಮೊದಲ 15 ನಿಮಿಷ ಆಧಾರ್ ದೃಢೀಕರಿಸಿದ ಖಾತೆಗಳಿಗೆ ಮಾತ್ರ ಅಂತ ನಿಯಮ ಬಂತು, ಆಮೇಲೆ ಆ ಅವಧಿ ಇನ್ನೂ ಹಿಗ್ಗಿದೆ. ಆಧಾರ್ ಜೋಡಿಸುವ ಕೆಲಸವನ್ನು ಆ ಬೆಳಿಗ್ಗೆ 8ಕ್ಕೆ ಶುರು ಮಾಡಿದರೆ ಕೆಟ್ಟಿರಿ.

ಹೋಟೆಲಿಗೆ ಇಂಥ ಗೊತ್ತಾದ ದಿನ ಯಾವುದೂ ಇಲ್ಲ. ಆ್ಯಪ್‌ಗಳಲ್ಲಿ ತಿಂಗಳುಗಟ್ಟಲೆ ಮೊದಲೇ ರೂಮ್ ಕಾಣುತ್ತದೆ, ಆದರೆ ಅಷ್ಟು ಮೊದಲು ಕಾಣುವುದು ಮಾಮೂಲಿ ದಿನದ ರೇಟು, ಹೋಟೆಲಿನವರು ದಸರಾ ರೇಟು ಇನ್ನೂ ಹಾಕಿರುವುದಿಲ್ಲ. ಅಗ್ಗಕ್ಕೆ ಸಿಕ್ಕಿತು ಅಂತ ನಾವು ಹಿಗ್ಗುತ್ತೇವೆ. ಆ ಅಗ್ಗದ ಬುಕಿಂಗೇ ಆಮೇಲೆ ಅವರ ಕಣ್ಣಿಗೆ ಬೀಳುವುದು. ಹಾಗಂತ ಬೇಗ ಬುಕ್ ಮಾಡಬೇಡಿ ಅಂತಲ್ಲ. ಬುಕ್ ಮಾಡಿದ ವಾರದಲ್ಲೇ ಆ್ಯಪ್‌ನ ಮೆಸೇಜ್ ಮೂಲಕವೇ ಹೋಟೆಲಿಗೆ ಕೇಳಿ: 'ಅಕ್ಟೋಬರ್ 1 ಮತ್ತು 2, ದಸರಾ ದಿನ, ಈ ರೇಟಿಗೇ ತಾನೆ?' ಉತ್ತರ ಬರಹದಲ್ಲಿ ಇರಲಿ. ಬರೆದು ಕೊಡಲು ಒಲ್ಲೆ ಅಂದವರು ಆಮೇಲೆ ಪೈಪ್ ಒಡೆಸುವವರೇ.

ನಾವು ಕ್ಯಾನ್ಸಲ್ ಮಾಡಲಿಲ್ಲ. ಆ್ಯಪ್‌ನ ಕಸ್ಟಮರ್ ಕೇರ್ ಮೊದಲು ಹೇಳಿದ್ದು "ನೀವು ಹೋಟೆಲಿನವರ ಜೊತೆ ಮಾತಾಡಿ ಬಗೆಹರಿಸಿಕೊಳ್ಳಿ." 5,400ರ ಪುಟದ ಸ್ಕ್ರೀನ್‌ಶಾಟ್, ಫೋನ್ ಬಂದ ಸಮಯ ಎಲ್ಲ ಹಾಕಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇವೆ ಅಂದಮೇಲೆ ಸ್ವರ ಬದಲಾಯಿತು. ಬೇರೆ ರೂಮ್ ಕೊಟ್ಟರು, ರಿಂಗ್ ರಸ್ತೆಯ ಆಚೆ. ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು 5 ಕಿ.ಮೀ. ಮೆರವಣಿಗೆ ದಾರಿಗೆ ಆ ದಿನ ವಾಹನ ಬಿಡುವುದಿಲ್ಲ ಅಂತ ಗೊತ್ತಿರುವವರಿಗೆ, ವಯಸ್ಸಾದವರನ್ನು ಕರೆದುಕೊಂಡು ಆಚೆಯಿಂದ ಬರುವುದು ಎಂಥ ಪಾಡು ಅಂತ ಹೇಳಬೇಕಿಲ್ಲ. ಹೋಟೆಲಿನವನ ಕಡೇ ಮಾತು ಕೇಳಿ: "ಮುಂದಿನ ಸಲ ನೇರ ನಮಗೇ ಫೋನ್ ಮಾಡಿ ಸಾರ್, ಆ್ಯಪ್‌ಗಿಂತ ಕಮ್ಮಿಗೆ ಕೊಡ್ತೀವಿ." ನಾಚಿಕೆ ಅನ್ನೋದು ಸ್ವಲ್ಪವಾದರೂ ಬೇಡವಾ!

ಖಾಸಗಿ ಬಸ್ಸಿನಲ್ಲೂ ಇದೇ ಆಟ. ಮೊದಲೇ ಅಗ್ಗಕ್ಕೆ ಮಾರಿದ ಸೀಟನ್ನು 'ತಾಂತ್ರಿಕ ಕಾರಣ' ಅಂತ ರದ್ದು ಮಾಡಿ ದುಡ್ಡು ವಾಪಸ್ ಹಾಕುತ್ತಾರೆ. ಅದೇ ಹೊತ್ತಿಗೆ, ಅದೇ ಜಾಗದಿಂದ, ಐದೋ ಹತ್ತೋ ನಿಮಿಷ ಹಿಂದೆಮುಂದೆ ಮಾಡಿ ಹೊಸ ಬಸ್ಸು ದುಬಾರಿ ರೇಟಿಗೆ ಪಟ್ಟಿಯಲ್ಲಿ ಕಾಣುತ್ತದೆ. ಕಂಡರೆ ತಕ್ಷಣ ಎರಡರದ್ದೂ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ವಾಪಸ್ ಬರುವುದಕ್ಕೆ ರೈಲು ಸಿಗದಿದ್ದರೆ ಸರ್ಕಾರಿ ಬಸ್ಸೇ ವಾಸಿ. ಅಲ್ಲಿ ಮುಂಗಡ ಸಾಮಾನ್ಯವಾಗಿ 30 ದಿನ ಮೊದಲು ತೆರೆಯುತ್ತದೆ. ಮೊದಲ ದಿನ ತಪ್ಪಿದರೂ ಹೆಚ್ಚುವರಿ ಬಸ್ಸುಗಳನ್ನು ಹಬ್ಬ ಹತ್ತಿರ ಬಂದಾಗ ಸೇರಿಸುತ್ತಾರೆ, ಆ ಪ್ರಕಟಣೆ ಬಂದ ದಿನವೇ ಮತ್ತೆ ನೋಡಿ. ನಾಲ್ಕು ಅಥವಾ ಹೆಚ್ಚು ಸೀಟು ಒಂದೇ ಟಿಕೆಟ್ಟಿನಲ್ಲಿ ತೆಗೆದರೆ ಶೇ 5, ಹೋಗಿಬರುವುದನ್ನು ಒಟ್ಟಿಗೇ ತೆಗೆದರೆ ವಾಪಸ್ ಟಿಕೆಟ್ಟಿಗೆ ಶೇ 10 ರಿಯಾಯಿತಿ ಅಂತ ಆ ಪ್ರಕಟಣೆಯಲ್ಲೇ ಹಾಕಿರುತ್ತಾರೆ.