ಗೊರಗುಂಟೆಪಾಳ್ಯ ಸಿಗ್ನಲ್‌ನಲ್ಲಿ ಮೂರು ಕಾರುಗಳ ಏಸಿ

ಹೋದ ಸಲ ಕಾರು ತಗೊಂಡಾಗ ಟೆಸ್ಟ್ ಡ್ರೈವ್ ಮಾಡಿದ್ದು ಡಿಸೆಂಬರ್ ಸಂಜೆ. ಶೋರೂಮ್ ಹುಡುಗ ಮೊದಲೇ ಏಸಿ ಹಾಕಿ ತಣ್ಣಗೆ ಮಾಡಿಟ್ಟಿದ್ದ. ಖಾಲಿ ರಸ್ತೆಯಲ್ಲಿ ಎರಡು ಕಿಲೋಮೀಟರ್ ಓಡಿಸಿ, ಏಸಿ ಸೂಪರ್ ಅಂತ ಅಡ್ವಾನ್ಸ್ ಕೊಟ್ಟು ಬಂದೆ. ಏಪ್ರಿಲ್ ಬಂತು ನೋಡಿ, ಸಿಗ್ನಲ್‌ನಲ್ಲಿ ನಿಂತರೆ ಬರೀ ಫ್ಯಾನ್ ಗಾಳಿ. ಅದರ ಜೊತೆಗೆ ಮುಂದಿನ ಲಾರಿಯ ಹೊಗೆ ವಾಸನೆ. ಅಮ್ಮನಿಗೆ ಆಸ್ತಮಾ ಇದೆ. ಐದು ವರ್ಷ ಆ ಗಾಡಿಯಲ್ಲಿ ಅವರು ಸೆರಗು ಮೂಗಿಗೆ ಹಿಡಿದುಕೊಂಡೇ ಕೂರುತ್ತಿದ್ದರು.

ಹಾಗಾಗಿ ಈ ಸಲ ಏಪ್ರಿಲ್ ಮಧ್ಯಾಹ್ನವೇ ಹೋದೆ. ನೋಡಿದ್ದು ಮೂರು ಗಾಡಿ. ಗುಂಡಿ ತಿರುಗಿಸೋ ಮ್ಯಾನ್ಯುಯಲ್ ಏಸಿ ಇರೋ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಒಂದು. ಆಟೋ ಏಸಿ, ಏರ್ ಪ್ಯೂರಿಫೈಯರ್ ಎಲ್ಲ ಇರೋ ಪೆಟ್ರೋಲ್ ಎಸ್‌ಯುವಿ ಇನ್ನೊಂದು. ಮೂರನೆಯದು ಎಲೆಕ್ಟ್ರಿಕ್. ಕೊಂಡಿದ್ದು ಮೊದಲನೆಯದನ್ನು. ಏಕೆ ಅನ್ನೋದೇ ಈ ಕಥೆ.

ಮೂರು ಕಡೆಯೂ ಒಂದೇ ಕೇಳಿದೆ. ಗಾಡಿಯ ಗಾಜು ಏರಿಸಿ ಒಂದು ಗಂಟೆ ಬಿಸಿಲಲ್ಲಿ ನಿಲ್ಲಿಸಿ, ಏಸಿ ಹಾಕಬೇಡಿ. ಒಂದು ಶೋರೂಮ್‌ನಲ್ಲಿ ನನ್ನನ್ನು ಹುಚ್ಚನ ಥರ ನೋಡಿದರು. ಕೈಯಲ್ಲಿ ಅಡುಗೆಗೆ ಬಳಸೋ ಕಡ್ಡಿ ಥರ್ಮಾಮೀಟರ್, ಗಾಳಿಯಲ್ಲಿರೋ ಅತಿ ಸಣ್ಣ ಧೂಳಿನ ಕಣ, ಅಂದರೆ ಪಿಎಂ 2.5 ಅಳೆಯೋ ಚಿಕ್ಕ ಮೀಟರ್, ಸ್ನೇಹಿತನಿಂದ ತಂದ ಕಾರ್ಬನ್ ಡೈಆಕ್ಸೈಡ್ ಮೀಟರ್ ಇತ್ತು. ಹಿಂದಿನ ಸೀಟಿನಲ್ಲಿ ಹೆಂಡತಿ, ಪಕ್ಕದಲ್ಲಿ ಸೇಲ್ಸ್ ಹುಡುಗ. ದಾರಿ ಬೆಂಗಳೂರಿನ ತುಮಕೂರು ರಸ್ತೆ, ಮಧ್ಯದಲ್ಲಿ ಗೊರಗುಂಟೆಪಾಳ್ಯ ಸಿಗ್ನಲ್. ನಾನು ದಿನಾ ಸಿಕ್ಕಿಹಾಕಿಕೊಳ್ಳೋ ಜಾಗ ಅದೇ ತಾನೆ.

ಮೊದಲು ತಂಪಿನ ವಿಷಯ. ಹತ್ತಿದಾಗ ಮೂರರಲ್ಲೂ ಒಳಗೆ 50 ಡಿಗ್ರಿ ಆಸುಪಾಸು ಇತ್ತು. ಅರ್ಧ ನಿಮಿಷ ಬಾಗಿಲು ತೆರೆದಿಟ್ಟು ಬಿಸಿ ಗಾಳಿ ಬಿಟ್ಟೆ, ಆಮೇಲೆ ಏಸಿ ಫುಲ್, ಬ್ಲೋವರ್ ಫುಲ್. ಮುಖದ ಹತ್ತಿರ 27ಕ್ಕೆ ಇಳಿಯಲು ಎಲೆಕ್ಟ್ರಿಕ್‌ಗೆ ಆರು ನಿಮಿಷ ಸಾಕಾಯ್ತು. ಎಸ್‌ಯುವಿಗೆ ಒಂಬತ್ತು, ಹ್ಯಾಚ್‌ಬ್ಯಾಕ್‌ಗೆ ಹತ್ತು. ಇಲ್ಲಿಗೇ ನಿಲ್ಲಿಸಿದ್ದರೆ ಮತ್ತೆ ಡಿಸೆಂಬರ್ ತಪ್ಪನ್ನೇ ಮಾಡುತ್ತಿದ್ದೆ. ನೋಡಬೇಕಾದ್ದು ನಿಂತಾಗ ಏನಾಗುತ್ತೆ ಅನ್ನೋದು. ಪೆಟ್ರೋಲ್ ಗಾಡಿಯಲ್ಲಿ ಕಂಪ್ರೆಸರ್ ತಿರುಗೋದು ಇಂಜಿನ್ ಬೆಲ್ಟ್‌ನಿಂದ. ನಿಂತಾಗ ಇಂಜಿನ್ ನಿಧಾನ, ಕಂಪ್ರೆಸರೂ ನಿಧಾನ. ಮುಂದಿನ ಗ್ರಿಲ್‌ಗೆ ಎದುರು ಗಾಳಿಯೂ ಹೊಡೆಯೋದಿಲ್ಲ, ಕಂಡೆನ್ಸರ್ ಬಿಸಿ ಬಿಡೋದು ಫ್ಯಾನ್ ನಂಬಿಕೊಂಡೇ. ಓಡುವಾಗ ವೆಂಟ್‌ನಲ್ಲಿ ಒಂಬತ್ತು ಡಿಗ್ರಿ ಬರುತ್ತಿದ್ದ ಹ್ಯಾಚ್‌ಬ್ಯಾಕ್ ನಾಲ್ಕು ನಿಮಿಷ ನಿಂತಾಗ 15ಕ್ಕೆ ಏರಿತು. ಎಸ್‌ಯುವಿ 13ಕ್ಕೆ. ನನ್ನ ಹಳೇ ಗಾಡಿ 20 ದಾಟುತ್ತಿತ್ತು, ಹಾಗಾಗಿ 15 ನನಗೆ ಸ್ವರ್ಗ. ಎಲೆಕ್ಟ್ರಿಕ್‌ನಲ್ಲಿ ಕಂಪ್ರೆಸರ್‌ಗೆ ಅದರದ್ದೇ ಮೋಟಾರ್ ಇರುತ್ತೆ, ನಿಂತರೂ ಮುಳ್ಳು ಅಲುಗಲಿಲ್ಲ. ಅಂದ ಹಾಗೆ, ಸಿಗ್ನಲ್‌ನಲ್ಲಿ ಇಂಜಿನ್ ತಾನೇ ಆಫ್ ಆಗೋ ಗಾಡಿಯಾದರೆ ಮೊದಲು ಆ ಬಟನ್ ಒತ್ತಿ ನಿಲ್ಲಿಸಿ. ಇಲ್ಲದಿದ್ದರೆ ಅಳತೆಯೆಲ್ಲ ಸುಮ್ನೆ.

ಈಗ ನನ್ನ ತಲೆ ಕೆಡಿಸಿದ ವಿಷಯಕ್ಕೆ ಬರುತ್ತೇನೆ. ಹೊರಗಿನ ಗಾಳಿ ಬೇಡ, ಒಳಗಿನದ್ದೇ ಸುತ್ತಲಿ ಅಂತ ಒತ್ತುತ್ತೇವಲ್ಲ, ಆ ಬಟನ್. ಕಾರಿನ ಚಿತ್ರದೊಳಗೆ ಬಾಗಿದ ಬಾಣ ಇರೋದು.

ಎಸ್‌ಯುವಿಯಲ್ಲಿ ಅದನ್ನು ಒತ್ತಿಯೇ ಹೊರಟೆ. ಲೈಟ್ ಹತ್ತಿತ್ತು. ಹಿಂದಿನ ಸೀಟಿನ ಪಿಎಂ ಮೀಟರ್ 90ರಿಂದ ಇಳಿಯುತ್ತಾ 38ಕ್ಕೆ ಬಂತು. ಸ್ಕ್ರೀನ್ ಮೇಲೆ ಗಾಡಿಯದ್ದೇ ಪ್ಯೂರಿಫೈಯರ್ 12 ಅಂತ ತೋರಿಸುತ್ತಿತ್ತು. ಈ ವ್ಯತ್ಯಾಸಕ್ಕೆ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ಅದರ ಸೆನ್ಸರ್ ಇರೋದು ಅದೇ ಯಂತ್ರದ ಒಳಗೆ. ತನ್ನ ಅಡುಗೆಗೆ ತಾನೇ ಮಾರ್ಕ್ಸ್ ಹಾಕಿಕೊಂಡ ಹಾಗೆ.

ಸಿಗ್ನಲ್‌ನಲ್ಲಿ ನೀರಿನ ಟ್ಯಾಂಕರ್ ಹಿಂದೆ ನಿಂತೆವು. ಹಿಂದಿನಿಂದ ಹೆಂಡತಿ, "ರೀ, ಹೊಗೆ ವಾಸನೆ ಬರ್ತಿದೆ" ಅಂದಳು. ಮೀಟರ್ ನೋಡಿದರೆ 86. ಬಟನ್ ಲೈಟ್ ಆರಿಹೋಗಿತ್ತು. ಯಾರೂ ಮುಟ್ಟಿರಲಿಲ್ಲ. ಮತ್ತೆ ಒತ್ತಿದೆ. ಹನ್ನೆರಡು ನಿಮಿಷಕ್ಕೆ ಮತ್ತೆ ಆರಿತು. ಹುಡುಗ, "ಸರ್, ಅದು ಆಟೋ ಮೋಡ್, ಅದಕ್ಕೇ ಗೊತ್ತಿರುತ್ತೆ" ಅಂದ. ಆಟೋ ತೆಗೆದು ನೋಡಿದೆ, ಆಗ ಸುಮ್ಮನಿತ್ತು. ಇಂಜಿನ್ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಆಟೋನೂ ವಾಪಸ್ಸು, ಹೊರಗಿನ ಗಾಳಿಯೂ ವಾಪಸ್ಸು. ದಿನಾ ಮಗಳನ್ನು ಸ್ಕೂಲಿಗೆ ಬಿಟ್ಟು, ಹಾಲು ತಗೊಂಡು, ಅಂತ ನಾಲ್ಕೈದು ಸಲ ಸ್ಟಾರ್ಟ್ ಮಾಡುತ್ತೇನೆ. ಅಷ್ಟೂ ಸಲ ಎರಡು ಬಟನ್ ನೆನಪಿಟ್ಟು ಒತ್ತಬೇಕು. ಅದೂ ಟಚ್ ಬಟನ್, ಕಣ್ಣು ರಸ್ತೆಯಿಂದ ತೆಗೆಯದೆ ಸಿಗೋದಿಲ್ಲ.

ಹಾಗೆ ಮಾಡಿದವರು ದಡ್ಡರಲ್ಲ, ಅದನ್ನೂ ಹೇಳಬೇಕು. ಒಳಗಿನ ಗಾಳಿಯೇ ಸುತ್ತುತ್ತಿದ್ದರೆ ನಾವು ಬಿಟ್ಟ ಉಸಿರು ಒಳಗೇ ತುಂಬಿಕೊಳ್ಳುತ್ತೆ. ಹೊರಗೆ ಕಾರ್ಬನ್ ಡೈಆಕ್ಸೈಡ್ 420 ಪಿಪಿಎಂ ಹತ್ತಿರ ಇರುತ್ತೆ. ಹ್ಯಾಚ್‌ಬ್ಯಾಕ್‌ನಲ್ಲಿ ಮೂರು ಜನ ಹದಿನೈದು ನಿಮಿಷ ಕೂತಾಗ 2300 ತೋರಿಸಿತು. ಗಾಜು ಏರಿಸಿದ ಗಾಡಿಯಲ್ಲಿ ತಲೆ ಭಾರ, ತೂಕಡಿಕೆ ಬರೋದಕ್ಕೆ ಇದೂ ಒಂದು ಕಾರಣ ಇರಬಹುದು. ಅದಕ್ಕೇ ಗಾಡಿ ಆಗಾಗ ಬಾಯಿ ತೆರೆಯುತ್ತೆ. ಆದರೆ ಅದು ಟ್ಯಾಂಕರ್ ಹಿಂದೆ ತೆರೆಯುತ್ತೋ, ಫ್ಲೈಓವರ್ ಮೇಲೆ ತೆರೆಯುತ್ತೋ ಅನ್ನೋದೇ ನನ್ನ ತಕರಾರು. ಹ್ಯಾಚ್‌ಬ್ಯಾಕ್‌ನಲ್ಲಿ ಇರೋದು ತಳ್ಳೋ ಲಿವರ್. ತಳ್ಳಿದ ಕಡೆ ನಿಲ್ಲುತ್ತೆ, ನಾಳೆ ಬೆಳಗ್ಗೆಯೂ ಅಲ್ಲೇ ಇರುತ್ತೆ. ಸಿಗ್ನಲ್‌ನಲ್ಲಿ ಮುಚ್ಚಿಟ್ಟು, ಪೀಣ್ಯ ಫ್ಲೈಓವರ್ ಏರಿದ ಮೇಲೆ ಎರಡು ನಿಮಿಷ ತೆರೆದೆ. 2300 ಇದ್ದದ್ದು 800ಕ್ಕೆ ಬಂತು. ಪಿಎಂ ಸ್ವಲ್ಪ ಏರಿ, ಮುಚ್ಚಿದ ಮೇಲೆ ಮತ್ತೆ 25ರ ಕೆಳಗೆ ಇಳಿಯಿತು. ಹೊರಗೆ ಸಿಗ್ನಲ್‌ನಲ್ಲಿ ಕೈ ಚಾಚಿ ಹಿಡಿದಾಗ 110 ಇತ್ತು.

ಪ್ಯೂರಿಫೈಯರ್ ಇಲ್ಲದ ಗಾಡಿ ಇಷ್ಟು ಇಳಿಸಿದ್ದು ಹೇಗೆ ಅಂತ ನನಗೂ ಅನುಮಾನ ಬಂತು. ವಾಪಸ್ ಬಂದು ಮೂರರದ್ದೂ ಗ್ಲೋವ್‌ಬಾಕ್ಸ್ ಇಳಿಸಿ, ಏಸಿ ಗಾಳಿ ಸೋಸೋ ಕ್ಯಾಬಿನ್ ಫಿಲ್ಟರ್ ನೋಡಿದೆ. ಸಾಮಾನು ತೆಗೆದು ಎರಡೂ ಪಕ್ಕ ಒಳಕ್ಕೆ ಒತ್ತಿದರೆ ಅದು ಕೆಳಗೆ ಬಾಗುತ್ತೆ, ಹಿಂದೆ ಒಂದು ಉದ್ದ ಮುಚ್ಚಳ. ಹ್ಯಾಚ್‌ಬ್ಯಾಕ್‌ನದ್ದು ಹೊಸದು, ಹೆಚ್ಚುಕಡಿಮೆ ಬಿಳಿ. ಎಸ್‌ಯುವಿಯದ್ದು ಕಪ್ಪಾಗಿತ್ತು, ಮಡಿಕೆಯಲ್ಲಿ ಒಂದು ಒಣ ಹೊಂಗೆ ಎಲೆ. ಹುಡುಗ ಅದನ್ನು ಮೊದಲ ಸಲ ನೋಡಿದ್ದು ಅನಿಸುತ್ತೆ. ಅಂದರೆ ನನ್ನ ಹೋಲಿಕೆಯಲ್ಲಿ ಎಸ್‌ಯುವಿಗೆ ಸ್ವಲ್ಪ ಅನ್ಯಾಯ ಆಗಿದೆ, ಹೊಸ ಫಿಲ್ಟರ್ ಹಾಕಿದ್ದರೆ ಆ 38 ಇನ್ನೂ ಇಳಿಯುತ್ತಿತ್ತು. ಬಟನ್ ಕಾಟ ಮಾತ್ರ ಹಾಗೇ ಇರುತ್ತಿತ್ತು. ನೀವು ಟೆಸ್ಟ್ ಡ್ರೈವ್‌ಗೆ ಹೋದರೆ ಫಿಲ್ಟರ್ ಮೊದಲೇ ನೋಡಿ, ನನ್ನ ಹಾಗೆ ಕೊನೆಗೆ ಅಲ್ಲ.

ಮೀಟರ್‌ನ್ನೂ ಪೂರ್ತಿ ನಂಬಬೇಡಿ. ಅದು ಧೂಳಿನ ಕಣ ಎಣಿಸುತ್ತೆ, ವಾಸನೆ ಮತ್ತು ಅನಿಲ ಅದಕ್ಕೆ ಕಾಣಿಸೋದಿಲ್ಲ. ಅವನ್ನು ಹಿಡಿಯೋಕೆ ಕಾರ್ಬನ್ ಪದರ ಇರೋ ಫಿಲ್ಟರ್ ಬೇಕು, ಆ ಪರೀಕ್ಷೆಗೆ ಮೂಗೇ ಗತಿ.

ತಂಪಿನಲ್ಲಿ ಎಲೆಕ್ಟ್ರಿಕ್ಕೇ ಮೇಲು, ಒಪ್ಪಿದೆ. ಆದರೆ ನನ್ನ ಬಜೆಟ್ ಆನ್ ರೋಡ್ ಹತ್ತು ಲಕ್ಷ, ಅದು ನಾಲ್ಕು ಲಕ್ಷ ಮೇಲೆ. ನಮ್ಮ ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಲ್ಲಿ ಚಾರ್ಜರ್ ಪಾಯಿಂಟ್ ಹಾಕಿಸೋ ವಿಷಯ ಅಸೋಸಿಯೇಷನ್ ಮೀಟಿಂಗ್‌ನಲ್ಲಿ ಎರಡು ವರ್ಷದಿಂದ ನಡೀತಾನೇ ಇದೆ. ನಾಲ್ಕು ಜನ ದೂರ ಹೋಗೋ ಮನೆಯವರಾದರೆ, ಹಿಂದಿನ ವೆಂಟ್‌ಗಾಗಿ ಎಸ್‌ಯುವಿ ಸರಿ.

ಹ್ಯಾಚ್‌ಬ್ಯಾಕ್ ಡೆಲಿವರಿ ದಿನವೇ ಕಾರ್ಬನ್ ಫಿಲ್ಟರ್ ಹಾಕಿಸಿದೆ, ಫಿಲ್ಟರ್ ಮೇಲೆ ಗಾಳಿ ಹರಿಯೋ ಕಡೆ ತೋರಿಸೋ ಬಾಣದ ಗುರುತು ಸರಿ ದಿಕ್ಕಿಗಿದೆಯಾ ಅಂತ ನಾನೇ ಬಗ್ಗಿ ನೋಡಿದೆ. ಮನೆಗೆ ಬರುವಾಗ ಅಮ್ಮ ಮುಂದೆ ಕೂತಿದ್ದರು. ಗೊರಗುಂಟೆಪಾಳ್ಯ ಬಂತು ಅಂದಾಗ ಅಭ್ಯಾಸಬಲದಿಂದ ಸೆರಗು ಮೂಗಿಗೆ ಹೋಯ್ತು. ಸಿಗ್ನಲ್ ಬಿಡೋ ಹೊತ್ತಿಗೆ ಅದೇ ಸೆರಗನ್ನು ಭುಜದ ಮೇಲೆ ಹೊದ್ದುಕೊಂಡು, "ಸ್ವಲ್ಪ ಕಡಿಮೆ ಮಾಡೋ, ಚಳಿ" ಅಂದರು.