ಡಬ್ಬದ ಮೇಲೆ ಆಂಟಿ-ಘೋಸ್ಟಿಂಗ್ ಅಂತಿದೆ ಅಂತ ನಂಬಿ ಕೀಬೋರ್ಡ್ ತಗೋಬೇಡಿ, ನಾನು ತಗೊಂಡು ಕೆಟ್ಟೆ

ಗೇಮ್ ಆಡೋಕೆ ಅಂತ ಕೀಬೋರ್ಡ್ ಹುಡುಕ್ತಿರೋರು ದುಡ್ಡು ಕೊಡೋಕೆ ಮುಂಚೆ ಇದನ್ನೊಂದು ಸಲ ಓದ್ಬಿಡಿ. ನಾನು 1,199 ರೂಪಾಯಿ ಕೊಟ್ಟು ಕೂತಿದೀನಿ, ವಾಪಸ್ ಬರ್ಲಿಲ್ಲ, ಇನ್ನೂ ಬೇಜಾರು ಏನಂದ್ರೆ ಡಬ್ಬದ ಮೇಲೆ ಅವ್ರು ಬರ್ದಿದ್ದು ಸುಳ್ಳು ಅಂತ ಜಗಳ ಆಡೋಕೂ ಆಗಲ್ಲ.

ಶುರುವಾಗಿದ್ದು ರಜೆಗೆ ಬಂದಿದ್ದ ಚಿಕ್ಕಪ್ಪನ ಮಗನಿಂದ. ಒಂದು ವಿಮಾನದ ಗೇಮ್ ಹಚ್ಚಿಕೊಂಡಿದ್ದ, ಆರೋ ಕೀಲಿ ಓಡ್ಸೋದು, ಸ್ಪೇಸ್ ಒತ್ತಿದ್ರೆ ಗುಂಡು. ಬಲಕ್ಕೆ ಏರ್ತಾ ಹೊಡೀತಾನೆ, ಎಡಕ್ಕೆ ಏರುವಾಗ ಮಾತ್ರ ಗುಂಡೇ ಹಾರಲ್ಲ. "ನೀನು ಸ್ಪೇಸ್ ಸರಿಯಾಗಿ ಒತ್ತಿಲ್ಲ ಕಣೋ" ಅಂತ ನಾನು, "ಒತ್ದೆ ಅಣ್ಣ, ಆಣೆಗೂ ಒತ್ದೆ" ಅಂತ ಅವ್ನು. ಕೊನೆಗೆ ನಾನೇ ಕೂತು ನೋಡಿದ್ರೆ ನಂಗೂ ಹಾರ್ಲಿಲ್ಲ. ಗೇಮ್ ತೆಗ್ದು ಮತ್ತೆ ಹಾಕ್ದೆ, ಯುಎಸ್‌ಬಿ ಪೋರ್ಟ್ ಬದಲಾಯಿಸ್ದೆ, ಡ್ರೈವರ್ ಅಂತ ಅರ್ಧ ದಿನ ಹಾಳು ಮಾಡ್ಕೊಂಡೆ. ಇವ್ಯಾವ್ದರಿಂದಲೂ ಪ್ರಯೋಜನ ಇಲ್ಲ ಅಂತ ಈಗ ಗೊತ್ತು, ಯಾಕಂದ್ರೆ ಆ ಒತ್ತು ಕೀಬೋರ್ಡ್ ಒಳಗೇ ಸತ್ತೋಗಿರುತ್ತೆ, ವೈರ್‌ವರೆಗೂ ಬಂದಿರಲ್ಲ.

ಯಾರೋ ಇದು ಘೋಸ್ಟಿಂಗ್ ಪ್ರಾಬ್ಲಮ್ಮು, ಆಂಟಿ-ಘೋಸ್ಟಿಂಗ್ ಇರೋದು ತಗೊ ಅಂದ್ರು. ತಗೊಂಡೆ. ಬಣ್ಣಬಣ್ಣದ ಲೈಟು, ಮುಂದ್ಗಡೆ ದಪ್ಪಕ್ಷರದಲ್ಲಿ ಆಂಟಿ-ಘೋಸ್ಟಿಂಗ್, ಹಿಂದ್ಗಡೆ ಇರುವೆ ಗಾತ್ರದಲ್ಲಿ "19 ಕೀ" ಅಂತ ಇದ್ದಿದ್ದು ಆಮೇಲೆ ಕಂಡಿದ್ದು. ಎಡಕ್ಕೆ ಏರ್ತಾ ಗುಂಡು ಹಾರ್ತು, ಇಬ್ರಿಗೂ ಖುಷಿಯೋ ಖುಷಿ. ಎರಡನೇ ದಿನ ಇಬ್ರೂ ಒಂದೇ ಕೀಬೋರ್ಡಲ್ಲಿ ಟ್ಯಾಂಕ್ ಗೇಮ್ ಆಡೋಕೆ ಕೂತ್ವಿ, ನಂದು ಡಬ್ಲ್ಯು-ಎ-ಎಸ್-ಡಿ, ಅವ್ನದು ಆರೋ. ನಾನು ಮುಂದಕ್ಕೂ ಬಲಕ್ಕೂ ಒಟ್ಟಿಗೆ ಒತ್ತಿ ಹಿಡ್ಕೊಂಡ್ರೆ ಅವ್ನ ಟ್ಯಾಂಕ್ ನಿಂತಲ್ಲೇ ನಿಲ್ಲುತ್ತೆ. ನಾನು ಬಿಟ್ಟ ತಕ್ಷಣ ಓಡುತ್ತೆ. ಅವ್ನು ಸೋತಾಗೆಲ್ಲ ನಾನು ಬೇಕಂತ ಮಾಡ್ದೆ ಅಂತ ಅವ್ನ ದೂರು, ಅದ್ರಲ್ಲಿ ಒಂದೆರಡು ಸಲ ನಿಜಾನೂ ಇತ್ತು ಬಿಡಿ.

ಆಗ ಸಿಟ್ಟು ಬಂದು ಹಳೇ ಕೀಬೋರ್ಡ್ ಬಿಚ್ಚಿದೆ. ಒಳಗೆ ಮೂರು ತೆಳ್ಳಗಿನ ಪ್ಲಾಸ್ಟಿಕ್ ಹಾಳೆ ಅಷ್ಟೇ. ಮೇಲಿನದ್ರಲ್ಲೂ ಕೆಳಗಿನದ್ರಲ್ಲೂ ಬೆಳ್ಳಿ ಬಣ್ಣದ ಗೆರೆಗಳು, ಮಧ್ಯದ ಹಾಳೇಲಿ ಒಂದೊಂದು ಕೀಲಿಗೂ ಒಂದೊಂದು ತೂತು. ಕೀಲಿ ಒತ್ತಿದ್ರೆ ಆ ತೂತಲ್ಲಿ ಮೇಲಿನ ಗೆರೆ ಕೆಳಗಿನ ಗೆರೆಗೆ ತಾಗುತ್ತೆ. ನೂರು ಕೀಲಿಗೆ ನೂರು ವೈರ್ ಎಳೆಯೋದು ದುಬಾರಿ, ಅದಕ್ಕೆ ಸುಮಾರು ಇಪ್ಪತ್ತು-ಇಪ್ಪತ್ತಾರು ಗೆರೇಲಿ ಮುಗ್ಸಿರ್ತಾರೆ. ಬೆಂಗ್ಳೂರಿನ ಬಡಾವಣೆ ಥರ ಅನ್ಕೊಳ್ಳಿ, ಅಡ್ಡಕ್ಕೆ ಕ್ರಾಸ್‌ಗಳು, ಉದ್ದಕ್ಕೆ ಮೇನ್‌ಗಳು, ಎರಡೂ ಕೂಡೋ ಮೂಲೇಲಿ ಒಂದು ಮನೆ, ಅದೇ ಕೀಲಿ. ಒಳಗಿರೋ ಚಿಪ್ಪು ಒಂದೊಂದೇ ಕ್ರಾಸ್‌ಗೆ ಕರೆಂಟ್ ಬಿಟ್ಟು ಯಾವ ಮೇನಲ್ಲಿ ಹೊರಗೆ ಬಂತು ಅಂತ ನೋಡುತ್ತೆ, ಹೀಗೆ ಎಲ್ಲ ಕ್ರಾಸ್‌ನೂ ಸೆಕೆಂಡಿಗೆ ನೂರಾರು ಸಲ ಸುತ್ತುತ್ತೆ. ಒಂದು ಕೀಲಿ ಒತ್ತಿದ್ರೂ ಸರಿ, ಎರಡು ಒತ್ತಿದ್ರೂ ಸರಿ, ಯಾವ್ದು ಅಂತ ತಪ್ಪಿಲ್ಲದೆ ಹೇಳುತ್ತೆ.

ಮೂರನೇದ್ರಲ್ಲಿ ಎಡವೋದು. ನನ್ನ ಹಳೇ ಕೀಬೋರ್ಡಲ್ಲಿ ಗೆರೆ ಹಿಡ್ಕೊಂಡು ಹೋದ್ರೆ ಅಪ್ ಆರೋ ಮತ್ತೆ ಲೆಫ್ಟ್ ಆರೋ ಒಂದೇ ಕ್ರಾಸ್ ಮೇಲೆ, ಅಪ್ ಆರೋ ಮತ್ತೆ ಸ್ಪೇಸ್ ಒಂದೇ ಮೇನ್ ಮೇಲೆ. ಅಂದ್ರೆ ಅಪ್ 1ನೇ ಕ್ರಾಸ್ 1ನೇ ಮೇನ್, ಲೆಫ್ಟ್ 1ನೇ ಕ್ರಾಸ್ 2ನೇ ಮೇನ್, ಸ್ಪೇಸ್ 2ನೇ ಕ್ರಾಸ್ 1ನೇ ಮೇನ್ ಅಂತಿಟ್ಕೊಳ್ಳಿ. ಮೂರನ್ನೂ ಒತ್ತಿದೀರ. ಈಗ ಚಿಪ್ಪು 2ನೇ ಕ್ರಾಸ್‌ಗೆ ಕರೆಂಟ್ ಬಿಡುತ್ತೆ, ಅದು ಸ್ಪೇಸ್ ಮೂಲಕ 1ನೇ ಮೇನ್‌ಗೆ ಬರುತ್ತೆ, ಅಲ್ಲಿ ಅಪ್ ಒತ್ತಿರೋದ್ರಿಂದ ಹಿಂದಕ್ಕೆ ತಿರುಗಿ 1ನೇ ಕ್ರಾಸ್‌ಗೆ ನುಗ್ಗುತ್ತೆ, ಅಲ್ಲಿಂದ ಲೆಫ್ಟ್ ದಾಟಿ 2ನೇ ಮೇನಲ್ಲಿ ಆಚೆ ಬರುತ್ತೆ. ಚಿಪ್ಪಿಗೆ ಕಾಣೋದು ಇಷ್ಟೇ, 2ನೇ ಕ್ರಾಸಲ್ಲಿ ಬಿಟ್ಟಿದ್ದು 2ನೇ ಮೇನಲ್ಲೂ ಬಂತು, ಅಂದ್ರೆ ಆ ನಾಲ್ಕನೇ ಮೂಲೆ ಮನೆಯವ್ರೂ ಎದ್ದಿದಾರೆ. ಅಲ್ಲಿ ಯಾರೂ ಮುಟ್ಟೇ ಇಲ್ಲ. ಆ ಇಲ್ಲದ ಒತ್ತೇ ಘೋಸ್ಟು, ದೆವ್ವ.

ಗಮನಿಸಿ, ದೆವ್ವ ಅಂದ್ರೆ ನೀವು ಒತ್ತದೇ ಇರೋ ಕೀಲಿ ಕೆಲಸ ಮಾಡೋದು. ನಮ್ಮ ತೊಂದ್ರೆ ಅದಲ್ವಲ್ಲ, ನಾವು ಒತ್ತಿರೋ ಕೀಲಿ ಕೆಲಸ ಮಾಡ್ದೇ ಇರೋದು! ಗುಟ್ಟು ಇಲ್ಲೇ ಇರೋದು. ನೀವು ಗುಂಡು ಹಾರ್ಸೋಕೆ ಹೋದಾಗ ಸ್ಕ್ರೀನ್ ಮೇಲೆ ಯಾವ್ದೋ ಅಕ್ಷರ ಬಿದ್ರೆ ಗಲಾಟೆ ಅಂತ, ಮೂರು ಮೂಲೆ ಒತ್ತಿದ ಆಕಾರ ಕಂಡ ಕೂಡ್ಲೇ ಕೊನೇಲಿ ಬಂದ ಕೀಲಿಯನ್ನ ನುಂಗಿಬಿಡೋ ಹಾಗೆ ಚಿಪ್ಪಲ್ಲಿ ಬರ್ದಿರ್ತಾರೆ. ದೆವ್ವ ಬರ್ಬಾರ್ದು ಅಂತ ಮನೆಯವ್ರನ್ನೇ ಆಚೆ ನಿಲ್ಸಿದ ಹಾಗೆ. ಇದನ್ನ ಬ್ಲಾಕಿಂಗ್ ಅಂತಾರೆ, ಕೆಲವ್ರು ಜ್ಯಾಮಿಂಗ್ ಅಂತಾರೆ. ಅಂದ್ಮೇಲೆ ನನ್ನ ಹಳೇ ಕೀಬೋರ್ಡೂ ಆಂಟಿ-ಘೋಸ್ಟಿಂಗೇ! ಅದು ದೆವ್ವ ಬಿಡ್ತಿರ್ಲಿಲ್ಲ, ಅದಕ್ಕೇ ಗುಂಡೂ ಬಿಡ್ತಿರ್ಲಿಲ್ಲ.

ಹೊಸದ್ರಲ್ಲಿ ಮಾಡಿರೋದು ಏನಂದ್ರೆ ಗೇಮಲ್ಲಿ ಜಾಸ್ತಿ ಬಳಸೋ 19 ಕೀಲಿಗಳನ್ನ ಒಂದರ ಜೊತೆ ಒಂದು ಚೌಕ ಆಗ್ದಿರೋ ಹಾಗೆ ಬೇರೆ ಬೇರೆ ಗೆರೆಗೆ ಹಂಚಿದಾರೆ, ಉಳಿದವು ಮೊದಲಿನ ಹಾಗೇ ಇವೆ. ನನ್ನ ಪೀಸಲ್ಲಿ ಆರೋ ಕೀಲಿ ಜೊತೆ ಡಬ್ಲ್ಯು ಮತ್ತೆ ಡಿ ಬಂದ್ರೆ ಚೌಕ ಆಗುತ್ತೆ. ಒಬ್ರೇ ಆಡಿದ್ರೆ ಗೊತ್ತೇ ಆಗಲ್ಲ.

ರಿಟರ್ನ್ ಹಾಕ್ದೆ. ಬಂದ ಹುಡ್ಗ ಒಂದೊಂದೇ ಕೀಲಿ ಒತ್ತಿ ನೋಡ್ದ, ಎಲ್ಲ ಬಿತ್ತು, "ಸರ್ ಎಲ್ಲ ವರ್ಕಿಂಗ್" ಅಂತ ಬರ್ಕೊಂಡು ಹೋದ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ರೆ ಆಯಮ್ಮ "ಬೇರೆ ಕೀ ಏನಾದ್ರೂ ತಾನಾಗೇ ಪ್ರೆಸ್ ಆಗ್ತಿದ್ಯಾ ಸರ್? ಇಲ್ವಾ? ಹಾಗಾದ್ರೆ ಆಂಟಿ-ಘೋಸ್ಟಿಂಗ್ ಕೆಲಸ ಮಾಡ್ತಿದೆ ಸರ್" ಅಂದ್ರು. ಏನ್ ಹೇಳ್ತೀರ ಇದಕ್ಕೆ.

ಅದಕ್ಕೆ ಡಬ್ಬ ನೋಡ್ಬೇಡಿ, ಒತ್ತಿ ನೋಡಿ. ನಿಮ್ಮ ಗೇಮಲ್ಲಿ ನೀವು ನಿಜವಾಗ್ಲೂ ಒಟ್ಟಿಗೆ ಒತ್ತೋ ಕೀಲಿಗಳನ್ನ ಒಂದೊಂದಾಗಿ ಒತ್ತಿ ಹಿಡೀತಾ ಹೋಗಿ, ಬೇರೆ ಬೇರೆ ಕ್ರಮದಲ್ಲಿ. ಬ್ರೌಸರಲ್ಲಿ keyboard rollover test ಅಂತ ಹುಡುಕಿದ್ರೆ ಒತ್ತಿದ ಕೀಲಿ ಬಣ್ಣ ಬದಲಾಗೋ ಪೇಜ್‌ಗಳು ಸಿಗ್ತವೆ. ಲಿನಕ್ಸ್ ಇದ್ರೆ `sudo evtest` ಕೊಟ್ಟು ಕೀಬೋರ್ಡ್ ಆರಿಸ್ಕೊಳ್ಳಿ. ಹಳೇದ್ರಲ್ಲಿ ಅಪ್, ಲೆಫ್ಟ್, ಸ್ಪೇಸ್ ಮೂರೂ ಹಿಡಿದಾಗ ನಂಗೆ ಬಂದಿದ್ದು, ಬೇಕಾದ ಸಾಲಷ್ಟೇ ಹಾಕಿದೀನಿ:

```
type 1 (EV_KEY), code 103 (KEY_UP), value 1
type 1 (EV_KEY), code 105 (KEY_LEFT), value 1
```

ಮೂರನೇ ಸಾಲು ಇಲ್ಲ, `KEY_SPACE` ಬರ್ಲೇ ಇಲ್ಲ. ಮೊದ್ಲು ಸ್ಪೇಸ್ ಮತ್ತೆ ಅಪ್ ಹಿಡಿದು ಆಮೇಲೆ ಲೆಫ್ಟ್ ಒತ್ತಿದ್ರೆ ಸ್ಪೇಸ್ ಬರುತ್ತೆ, ಲೆಫ್ಟ್ ಕಾಣೆ. ಹೀಗೆ ಯಾವಾಗ್ಲೂ ಕೊನೇದೇ ಕಾಣೆಯಾದ್ರೆ ತಪ್ಪು ಕೀಬೋರ್ಡಿಂದು. ಇಲ್ಲಿ ಮೂರೂ ಬಂದು ಗೇಮಲ್ಲಿ ಮಾತ್ರ ಬರ್ತಿಲ್ಲ ಅಂದ್ರೆ ಗೇಮ್ ಮೇಲೆ ಸಿಟ್ಟು ಮಾಡ್ಕೊಳ್ಳಿ. ಅಂಗಡಿಗೆ ಹೋಗ್ತೀರಾದ್ರೆ ಲ್ಯಾಪ್‌ಟಾಪ್ ಹಿಡ್ಕೊಂಡೋಗಿ, ಅಲ್ಲೇ ಸಿಕ್ಸಿ ಒತ್ತಿ, ಅವ್ರು ಮುಖ ಸಿಂಡರಿಸಿದ್ರೂ ಪರ್ವಾಗಿಲ್ಲ.

ಇದಕ್ಕೆ ನಿಜವಾದ ಮದ್ದು ಒಂದೊಂದು ಕೀಲಿಗೂ ಒಂದು ಡಯೋಡ್, ಅಂದ್ರೆ ಪ್ರತಿ ಮೂಲೇಲೂ ಒನ್ ವೇ ಬೋರ್ಡ್. ಕರೆಂಟ್ ಹಿಂದಕ್ಕೆ ತಿರುಗಿ ಬರೋಕಾಗಲ್ಲ, ದೆವ್ವನೂ ಇಲ್ಲ, ನುಂಗೋದೂ ಬೇಕಿಲ್ಲ. ಮೆಕ್ಯಾನಿಕಲ್ ಕೀಬೋರ್ಡಲ್ಲಿ ಸಾಮಾನ್ಯವಾಗಿ ಇರುತ್ತೆ, ಈ ಪ್ಲಾಸ್ಟಿಕ್ ಹಾಳೆಯ ಮೆಂಬ್ರೇನ್‌ನಲ್ಲಿ ಇರಲ್ಲ. ಹಾಗಂತ ಡಯೋಡ್ ಇದ್ರೆ ಎಲ್ಲ ಮುಗೀತು ಅಂತಲ್ಲ. ಯುಎಸ್‌ಬಿ ಕೀಬೋರ್ಡ್ ಮಾಮೂಲಿ ರೀತೀಲಿ ಪ್ರತಿ ಸಲ ಕಳ್ಸೋದು 8 ಬೈಟ್, ಮೊದಲನೇದ್ರಲ್ಲಿ ಶಿಫ್ಟ್, ಕಂಟ್ರೋಲ್ ಥರದ ಎಂಟು ಕೀಲಿ, ಎರಡನೇದು ಖಾಲಿ, ಉಳಿದ ಆರಲ್ಲಿ ಆರು ಕೀಲಿ. ಏಳನೇದಕ್ಕೆ ಸೀಟಿಲ್ಲ. 6-ಕೀ ರೋಲೋವರ್ ಅನ್ನೋದು ಇದೇ. ಒಬ್ರಿಗೆ ಆರು ಬೇಕಾದಷ್ಟಾಯ್ತು, ಇಬ್ರು ಕೂತು ಇಬ್ರೂ ಮೂರು ಮೂರು ಹಿಡಿದು ಒಬ್ರು ಜಂಪ್ ಒತ್ತಿದ್ರೆ ಮತ್ತೆ ಅದೇ ರಾಗ. ಎನ್-ಕೀ ರೋಲೋವರ್ ಅಂತ ಇರೋವು ಬೇರೆ ಥರ ಕಳಿಸ್ತವೆ, ಅದ್ರಲ್ಲಿ ಈ ಮಿತಿ ಇಲ್ಲ. ಕೆಲವು ಕೀಬೋರ್ಡಲ್ಲಿ ಅದನ್ನ ಎಫ್ಎನ್ ಜೊತೆ ಯಾವ್ದೋ ಕೀಲಿ ಒತ್ತಿ ಆನ್ ಮಾಡ್ಬೇಕು, ಮ್ಯಾನ್ಯುಯಲ್ ನೋಡಿ.

ದುಡ್ಡು ಹಾಕೋ ಮನಸ್ಸಿಲ್ಲ ಅಂದ್ರೆ ಮೊದ್ಲು ಗೇಮ್ ಸೆಟ್ಟಿಂಗಲ್ಲಿ ಗುಂಡನ್ನ ಸ್ಪೇಸಿಂದ ಕಂಟ್ರೋಲ್‌ಗೋ ಶಿಫ್ಟ್‌ಗೋ ಬದಲಾಯಿಸಿ ನೋಡಿ, ಆ ಕೀಲಿಗಳಿಗೆ ಸಾಮಾನ್ಯವಾಗಿ ಬೇರೆ ಗೆರೆ ಕೊಟ್ಟಿರ್ತಾರೆ. ಬ್ರೌಸರಲ್ಲಿ ಆಡೋ ಗೇಮಾದ್ರೆ ಕಂಟ್ರೋಲ್ ಬೇಡ, ಕಂಟ್ರೋಲ್ ಹಿಡಿದು ಮುಂದಕ್ಕೆ ಹೋಗೋಕೆ ಡಬ್ಲ್ಯು ಒತ್ತಿದ್ರೆ ಟ್ಯಾಬೇ ಮುಚ್ಚೋಗುತ್ತೆ, ನಂಗೆ ಲೆವೆಲ್ ಮುಗಿಯೋಕೆ ಮುಂಚೆ ಎರಡು ಸಲ ಆಯ್ತು. ಶಿಫ್ಟ್ ಆದ್ರೆ ವಿಂಡೋಸಲ್ಲಿ ಸ್ಟಿಕಿ ಕೀಸ್ ಮೊದ್ಲೇ ಆಫ್ ಮಾಡ್ಕೊಳ್ಳಿ, ಐದು ಸಲ ಒತ್ತಿದ್ರೆ ಆ ಪೆಟ್ಟಿಗೆ ಎದ್ದು ಬರುತ್ತೆ.

ನಾವು ಕೊನೆಗೆ ಮಾಡಿದ್ದು ಇನ್ನೂ ಸುಲಭದ್ದು. ಬಿಚ್ಚಿದ್ದ ಹಳೇ ಕೀಬೋರ್ಡನ್ನ ಮತ್ತೆ ಸ್ಕ್ರೂ ಹಾಕಿ ಅದನ್ನೂ ಇನ್ನೊಂದು ಯುಎಸ್‌ಬಿ ಪೋರ್ಟಿಗೆ ಚುಚ್ಚಿದ್ವಿ. ಎರಡಕ್ಕೂ ಬೇರೆ ಬೇರೆ ಗೆರೆ, ಬೇರೆ ಬೇರೆ ಆರು ಸೀಟು, ನಮ್ಮ ಟ್ಯಾಂಕ್ ಗೇಮಿಗೆ ಎಲ್ಲ ಒಂದೇ ಕೀಬೋರ್ಡಿಂದ ಬಂದ ಹಾಗೇ ಕಾಣುತ್ತೆ. ನಾನೇನೇ ಹಿಡ್ಕೊಂಡ್ರೂ ಅವ್ನ ಟ್ಯಾಂಕ್ ಈಗ ನಿಲ್ಲಲ್ಲ. ಒಂದು ಸ್ಕ್ರೂ ಮಿಕ್ಕೋಗಿದೆ, ಎಲ್ಲಿಂದ ಬಂತೋ ಗೊತ್ತಾಗ್ಲಿಲ್ಲ. ಹಳೇದನ್ನ ಅವ್ನಿಗೆ ಕೊಟ್ಟು ಲೈಟಿರೋದನ್ನ ನಾನು ಇಟ್ಕೊಂಡಿದ್ದಕ್ಕೆ ಚಿಕ್ಕಮ್ಮನ ಹತ್ರ ಫೋನಲ್ಲಿ ದೂರು ಹೋಗಿದೆ.