ಬೈತಲೆ ಎಡಕ್ಕಾ, ಬಲಕ್ಕಾ? ದಾವಣಗೆರೆಯ ನಮ್ಮ ಏರಿಯಾದ ಕಟಿಂಗ್ ಶಾಪ್ ಬಗ್ಗೆ, ಹಲವು ವರ್ಷದ ಗಿರಾಕಿಯಿಂದ

ನಿಟ್ಟುವಳ್ಳಿಯಲ್ಲಿ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಚಿಕ್ಕ ಕಟಿಂಗ್ ಶಾಪ್ ಇದೆ. ಎರಡೇ ಕುರ್ಚಿ. ಏಸಿ ಇಲ್ಲ. ಮಗನಿಗೆ, ನಮ್ಮ ಮನೆಯವರಿಗೆ, ಅಪ್ಪನಿಗೆ ಎಲ್ಲರಿಗೂ ಹಲವು ವರ್ಷದಿಂದ ಅಲ್ಲೇ ಕಟಿಂಗ್. ಕತ್ತರಿ ಕೆಲಸ ಚೆನ್ನಾಗಿ ಮಾಡುವವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಕತ್ತರಿ ಹಿಡಿಯುವ ಮೊದಲು ಬೈತಲೆ ಎಲ್ಲಿ ಬರಬೇಕು ಅಂತ ಕೂತು ನೋಡುವವರನ್ನು ನಾನು ಕಂಡಿದ್ದು ಇಲ್ಲಿ ಮಾತ್ರ. ಈ ವಿಮರ್ಶೆ ಅದರ ಬಗ್ಗೆಯೇ.

ಮಗನ ವಿಷಯದಿಂದಲೇ ಶುರು ಮಾಡುತ್ತೇನೆ. ಮೊದಲು ಬೇರೆ ಕಡೆ ಕಟಿಂಗ್ ಮಾಡಿಸುತ್ತಿದ್ದಾಗ ಎಲ್ಲ ಹುಡುಗರಿಗೂ ತೆಗೆಯುವ ಹಾಗೆ ಅವನಿಗೂ ಎಡಗಡೆ ಬೈತಲೆ ತೆಗೆಯುತ್ತಿದ್ದರು. ಬೆಳಿಗ್ಗೆ ನೀರು ಹಚ್ಚಿ ಬಾಚಿದರೆ ಸ್ಕೂಲ್ ಬಸ್ ಹತ್ತುವವರೆಗೆ ಸರಿ ಇರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಬೈತಲೆಯ ಪಕ್ಕದ ಕೂದಲು ಬುಡದಿಂದಲೇ ಎದ್ದು ನಿಂತಿರುತ್ತಿತ್ತು. ಹಿಂದೆ ನೆತ್ತಿಯಲ್ಲಿ ಒಂದು ಜುಟ್ಟು. ಎಣ್ಣೆ ಹಚ್ಚಿದೆ, ಜೆಲ್ ಹಚ್ಚಿದೆ, ಎರಡೂ ಸಂಜೆವರೆಗೆ ಬರಲಿಲ್ಲ.

ಈ ಅಂಗಡಿಯ ಅಣ್ಣ ಮೊದಲ ಸಲ ಅವನನ್ನು ಕೂರಿಸಿಕೊಂಡಾಗ ಬಾಚಣಿಗೆಯನ್ನೇ ಮುಟ್ಟಲಿಲ್ಲ. ಹಿಂದೆ ನಿಂತು ನೆತ್ತಿಯ ಸುಳಿ ನೋಡಿದರು. "ಅಕ್ಕಾರೆ, ಇಲ್ಲಿ ನೋಡ್ರಿ, ಇವನ ಸುಳಿ ಉಲ್ಟಾ ತಿರುಗೈತಿ" ಅಂತ ನನ್ನನ್ನು ಕರೆದು ತೋರಿಸಿದರು. ನಮ್ಮಲ್ಲಿ ಸುಳಿ ಅಂದರೆ ಎರಡು ಇದ್ದರೆ ಎರಡು ಮದುವೆ ಅನ್ನುವುದಷ್ಟೇ ಗೊತ್ತು ಅಲ್ವಾ? ಅದು ಯಾವ ಕಡೆ ತಿರುಗಿದೆ ಅಂತ ಯಾರೂ ನೋಡುವುದಿಲ್ಲ. ಬೈತಲೆಗೆ ಮುಖ್ಯವಾದದ್ದು ಅದೇ.

ಅವರು ಹೇಳಿಕೊಟ್ಟಿದ್ದು ಹೀಗೆ. ತಲೆಯ ಹಿಂದೆ ನಿಂತು ನೋಡಿದಾಗ ಹೆಚ್ಚಿನ ಜನರ ಸುಳಿ ಗಡಿಯಾರದ ಮುಳ್ಳು ಹೋಗುವ ಕಡೆಗೇ ತಿರುಗಿರುತ್ತದೆ. ಹಾಗೆ ತಿರುಗಿದಾಗ ಸುಳಿಯ ಮುಂದಿನ ಕೂದಲು ತಲೆಯ ಎಡದಿಂದ ಬಲಕ್ಕೆ ಹರಿಯುತ್ತದೆ. ಅಂಥವರಿಗೆ ಎಡಗಡೆ ಬೈತಲೆ ತೆಗೆದರೆ ಕೂದಲು ತಾನು ಹೋಗಬೇಕಾದ ಕಡೆಗೇ ಬಿದ್ದು ಸುಮ್ನೆ ಮಲಗುತ್ತದೆ. ಎಲ್ಲರಿಗೂ ಎಡಬೈತಲೆ ತೆಗೆದರೂ ಹೆಚ್ಚಿನವರಿಗೆ ತೊಂದರೆ ಆಗದಿರುವುದು ಇದರಿಂದಲೇ. ನನ್ನ ಮಗನಂತೆ ಸುಳಿ ಉಲ್ಟಾ ಇರುವವರಿಗೆ ಕೂದಲು ಬಲದಿಂದ ಎಡಕ್ಕೆ ಹರಿಯುತ್ತದೆ. ಎಡಬೈತಲೆ ತೆಗೆದು ಬಲಕ್ಕೆ ಬಾಚಿದರೆ ಪ್ರತಿ ಕೂದಲನ್ನೂ ಬುಡದಲ್ಲಿ ಹಿಂದಕ್ಕೆ ಮಡಚಿದ ಹಾಗಾಗುತ್ತದೆ. ಒದ್ದೆ ಇರುವಷ್ಟು ಹೊತ್ತು ಮಾತು ಕೇಳುತ್ತದೆ, ಒಣಗಿದ ಮೇಲೆ ಎದ್ದು ನಿಲ್ಲುತ್ತದೆ.

ಕೂದಲು ಚರ್ಮದಿಂದ ಯಾವ ಕಡೆ ಓರೆಯಾಗಿ ಹೊರಬರಬೇಕು ಅನ್ನುವುದು ಮಗು ಹೊಟ್ಟೆಯಲ್ಲಿರುವಾಗಲೇ ತೀರ್ಮಾನ ಆಗಿರುತ್ತದೆ. ವರ್ಷಗಟ್ಟಲೆ ಒಂದೇ ಕಡೆ ಬಾಚಿದರೆ ಕೂದಲು ಸ್ವಲ್ಪ ಪಳಗುತ್ತದೆ, ಅಷ್ಟೇ. ಸುಳಿ ತಿರುಗುವುದಿಲ್ಲ.

ಸುಳಿ ನೋಡಿದ ಮೇಲೂ ಅವರು ಇನ್ನೊಂದು ಪರೀಕ್ಷೆ ಮಾಡುತ್ತಾರೆ. ಇದನ್ನು ಮನೆಯಲ್ಲೂ ಮಾಡಬಹುದು, ಅದಕ್ಕೇ ಪೂರ್ತಿ ಬರೆಯುತ್ತೇನೆ. ಎಣ್ಣೆ ಇಲ್ಲದ, ತೊಳೆದ ತಲೆ ಆಗಬೇಕು. ಕೂದಲು ಒದ್ದೆ ಇರುವಾಗ ಹಣೆಯಿಂದ ಹಿಂದಕ್ಕೆ ನೇರವಾಗಿ ಬಾಚಬೇಕು, ಬೈತಲೆ ಇರಬಾರದು. ಆಮೇಲೆ ಅಂಗೈಯನ್ನು ನೆತ್ತಿಯ ಮೇಲೆ ಒತ್ತಿ ಹಿಡಿದು ಮೆಲ್ಲಗೆ ಮುಂದಕ್ಕೆ ತಳ್ಳಬೇಕು. ಮುಂದಿನ ಕೂದಲು ಸಡಿಲಾಗಿ ಎಲ್ಲೋ ಒಂದು ಕಡೆ ತಾನಾಗಿಯೇ ಸೀಳುತ್ತದೆ. ಆ ಸೀಳು ಬಂದ ಜಾಗವೇ ಹುಟ್ಟು ಬೈತಲೆ. ಒಮ್ಮೆ ನೋಡಿ ಬಿಡಬೇಡಿ, ಎರಡು ಮೂರು ಸಲ ಮಾಡಿ. ಪ್ರತಿ ಸಲ ಒಂದೇ ಕಡೆ ಸೀಳಿದರೆ ಅನುಮಾನವೇ ಬೇಡ. ಮಗನ ತಲೆಯಲ್ಲಿ ಅದು ಬಲಗಡೆ ಸೀಳಿತು. ಅವನ ಮುಖ ನೋಡಬೇಕಿತ್ತು, ಕನ್ನಡಿಗೆ ಮೂಗು ತಾಗಿಸಿಕೊಂಡು ಕೂತಿದ್ದ.

ಸುಳಿ ಒಂದು ಹೇಳಿ, ಸೀಳು ಇನ್ನೊಂದು ಹೇಳಿದರೆ? ಹಣೆಯ ಅಂಚಿನಲ್ಲೂ ಕೆಲವರಿಗೆ ಒಂದು ಸಣ್ಣ ಸುಳಿ ಇರುತ್ತದೆ. ಮುಂಗೂದಲು ಅಲ್ಲಿ ಮೇಲಕ್ಕೆ ಎದ್ದಿರುತ್ತದೆ. ಅಂಥವರಿಗೆ ಅಣ್ಣ ಮುಂದಿನದ್ದನ್ನೇ ನಂಬುತ್ತಾರೆ, ಯಾಕೆಂದರೆ ಕಣ್ಣಿಗೆ ಕಾಣುವುದು ಅದು. ನೆತ್ತಿಯ ಕೂದಲನ್ನು ಉದ್ದ ಬಿಟ್ಟು ಸರಿ ಮಾಡಿಕೊಳ್ಳಬಹುದು.

ಇಲ್ಲಿವರೆಗೆ ಯಾವ ಕಡೆ ಅನ್ನುವುದು ಆಯಿತು. ಮುಖದ ಆಕಾರ ಎಲ್ಲಿ ಬಂತು? ಅಣ್ಣನ ಲೆಕ್ಕ ನನಗೆ ಬಹಳ ಇಷ್ಟವಾಗಿದ್ದು ಇಲ್ಲಿ. ಎಡಕ್ಕೋ ಬಲಕ್ಕೋ ಅನ್ನುವುದನ್ನು ಸುಳಿಗೆ ಬಿಡುತ್ತಾರೆ. ನಡುವಿನಿಂದ ಎಷ್ಟು ದೂರ, ಮೇಲೆ ಎಷ್ಟು ಎತ್ತರ ಅನ್ನುವುದನ್ನು ಮುಖ ನೋಡಿ ಹೇಳುತ್ತಾರೆ. ಗುಂಡು ಮುಖಕ್ಕೆ ಬಲಬೈತಲೆ, ಉದ್ದ ಮುಖಕ್ಕೆ ಎಡಬೈತಲೆ ಅಂತೆಲ್ಲ ಹೇಳುವವರನ್ನು ಕೇಳಿದ್ದೇನೆ. ಅದಕ್ಕೆ ಬುಡವೇ ಇಲ್ಲ.

ಮಗನದು ಗುಂಡು ಮುಖ, ಕೆನ್ನೆ ತುಂಬಿಕೊಂಡಿದೆ. ನಡುವೆ ಬೈತಲೆ ತೆಗೆದರೆ ಮುಖ ಎರಡೂ ಕಡೆ ಸಮ ಕಂಡು ಇನ್ನೂ ಗುಂಡಗೆ ಕಾಣುತ್ತದೆ. ಅಣ್ಣ ಬಾಚಣಿಗೆಯನ್ನು ನೆಟ್ಟಗೆ ಹಿಡಿದು ಅವನ ಬಲ ಹುಬ್ಬು ಎಲ್ಲಿ ಕಮಾನಿನ ಹಾಗೆ ಎತ್ತರ ಆಗುತ್ತದೋ ಅಲ್ಲಿಂದ ನೇರ ಮೇಲಕ್ಕೆ ಹೋದರು. ಬೈತಲೆ ಶುರುವಾಗಿದ್ದು ಅಲ್ಲಿ. ಅಲ್ಲಿಂದ ಗೆರೆಯನ್ನು ಹಿಂದೆ ಸುಳಿಯ ಕಡೆಗೆ ಎಳೆದು, ಸುಳಿ ಮುಟ್ಟುವ ಮೊದಲೇ ನಿಲ್ಲಿಸಿದರು. ಗೆರೆ ಸುಳಿಯನ್ನು ದಾಟಿದರೆ ಹಿಂದೆ ಬೋಳು ಪಟ್ಟಿಯ ಹಾಗೆ ಕಾಣುತ್ತದಂತೆ. ಮೇಲೆ ಸ್ವಲ್ಪ ಎತ್ತರ ಬಿಟ್ಟು ಕಿವಿಯ ಮೇಲೆ ಮೆಷಿನ್‌ನಲ್ಲಿ ಸಣ್ಣ ಮಾಡಿದರು. ಮುಖ ಉದ್ದ ಕಂಡಿತು.

ನಮ್ಮ ಮನೆಯವರದು ಉದ್ದ ಮುಖ, ದೊಡ್ಡ ಹಣೆ. ಬೈತಲೆ ಹುಬ್ಬಿನ ಕಮಾನಿನ ಮೇಲೇ, ಆದರೆ ಎಡಗಡೆ. ಮೇಲಿನ ಎತ್ತರ ಇಳಿಸಿ, ಕಿವಿಯ ಮೇಲೆ ಕೂದಲು ಉಳಿಸಿ, ಮುಂಗೂದಲು ಹಣೆಯ ಮೇಲೆ ಸ್ವಲ್ಪ ಬೀಳುವ ಹಾಗೆ ಕತ್ತರಿಸುತ್ತಾರೆ. ಗೆರೆ ಇರುವ ಜಾಗ ಒಂದೇ, ಕಟಿಂಗ್ ಪೂರ್ತಿ ಬೇರೆ.

ಸುಳಿಯ ಸುತ್ತ ಮೆಷಿನ್ ಹಾಕುವುದಿಲ್ಲ, ತಿನ್ನಿಂಗ್ ಕತ್ತರಿಯನ್ನೂ ಹಾಕುವುದಿಲ್ಲ. ಅಲ್ಲಿ ತುಂಡು ತುಂಡಾಗಿ ಕತ್ತರಿಸಿದರೆ ಗಿಡ್ಡ ಕೂದಲು ಉದ್ದ ಕೂದಲನ್ನು ಕೆಳಗಿಂದ ಎತ್ತಿ ನಿಲ್ಲಿಸುತ್ತದೆ. ತನ್ನ ಭಾರಕ್ಕೆ ತಾನೇ ಮಲಗುವಷ್ಟು ಉದ್ದ ಬಿಡಬೇಕು, ಇಲ್ಲವೇ ಪೂರ್ತಿ ಗಿಡ್ಡ ಮಾಡಬೇಕು. ನಡುವಿನ ಅಳತೆಯಲ್ಲೇ ಜುಟ್ಟು ಏಳುವುದು. ಮಗನ ಹಳೆಯ ಕಟಿಂಗ್ ಆ ನಡುವಿನ ಅಳತೆಯದು.

ಬೈತಲೆ ಬದಲಿಸಿದ ಮೇಲೆ ಒಂದೇ ದಿನಕ್ಕೆ ಎಲ್ಲ ಸರಿ ಹೋಗುತ್ತದೆ ಅಂದುಕೊಳ್ಳಬೇಡಿ. ಮೊದಲ ಕೆಲವು ವಾರ ಹಳೆಯ ಗೆರೆ ಆಗಾಗ ಬಾಯಿ ಬಿಡುತ್ತದೆ. ಸ್ನಾನ ಆದ ತಕ್ಷಣ ಹೊಸ ಕಡೆಗೆ ಬಾಚಿ, ಒಣಗುವವರೆಗೆ ಕೈ ಹಾಕದೆ ಬಿಡಬೇಕು. ಟವೆಲ್‌ನಲ್ಲಿ ಗಸಗಸ ಉಜ್ಜಿದರೆ ಬುಡ ಮತ್ತೆ ಎದ್ದಿತು ಅಂತಲೇ ಲೆಕ್ಕ. ಆಮೇಲೆ ಮಗನಿಗೆ ಜೆಲ್ ಬೇಕಾಗಲಿಲ್ಲ. ಈಗ ಅವನೇ ಕನ್ನಡಿ ಮುಂದೆ ಬಾಚಿಕೊಳ್ಳುತ್ತಾನೆ.

ಸುಳಿಯ ಮಾತು ಕೇಳಲೇಬಾರದ ಸಂದರ್ಭವೂ ಇದೆ. ಅಪ್ಪನಿಗೆ ಕೂದಲು ತೆಳ್ಳಗಾಗಿದೆ, ಬೈತಲೆಯ ಗೆರೆ ವರ್ಷದಿಂದ ವರ್ಷಕ್ಕೆ ಅಗಲ ಆಗುತ್ತಿತ್ತು. ಅವರ ಹುಟ್ಟು ಬೈತಲೆ ಎಡಕ್ಕೆ. ಅಣ್ಣ ಬೇಕಂತಲೇ ಬಲಕ್ಕೆ ತೆಗೆದರು. ಕೂದಲು ಬುಡದಲ್ಲಿ ಎದ್ದು ನಿಲ್ಲುವ ಗುಣವೇ ಇಲ್ಲಿ ಉಪಯೋಗಕ್ಕೆ ಬಂತು, ತಲೆ ತುಂಬಿದ ಹಾಗೆ ಕಂಡಿತು. ಆದರೆ ದಿನಾ ಡ್ರೈಯರ್ ಹಿಡಿದು ಒಣಗಿಸಬೇಕು. ಇಲ್ಲದಿದ್ದರೆ ಸಂಜೆ ಹೊತ್ತಿಗೆ ಬಿದ್ದು ಹೋಗುತ್ತದೆ. ಅಪ್ಪ ಮದುವೆ, ಗೃಹಪ್ರವೇಶ ಇದ್ದರೆ ಮಾತ್ರ ಹಾಗೆ ಬಾಚಿಕೊಳ್ಳುತ್ತಾರೆ. ಉಳಿದ ದಿನ ಹಳೆಯ ಗೆರೆಯಿಂದ ಬೆರಳಷ್ಟು ಆಚೆಗೆ, ಎಡಗಡೆಯೇ.

ತೊಂದರೆಗಳನ್ನೂ ಹೇಳಬೇಕು. ಭಾನುವಾರ ಹೋದರೆ ಗಂಟೆಗಟ್ಟಲೆ ಕಾಯಬೇಕು. ಒಬ್ಬೊಬ್ಬರ ತಲೆ ಇಷ್ಟು ನೋಡಿದರೆ ಸಾಲು ಮುಂದೆ ಹೋಗುವುದು ನಿಧಾನ. ಮಂಗಳವಾರ ರಜೆ. ಇನ್ನೊಬ್ಬ ಹುಡುಗನ ಕುರ್ಚಿಗೆ ಕೂತರೆ ಇದೆಲ್ಲ ಸಿಗುವುದಿಲ್ಲ. ಅವನ ಕೈ ಚುರುಕು, ಆದರೆ ಸುಳಿ ನೋಡುವುದಿಲ್ಲ. ನನ್ನ ಅಕ್ಕನ ಮಗ ನಡು ಬೈತಲೆಯ ಸ್ಟೈಲ್ ಬೇಕು ಅಂತ ಹಠ ಹಿಡಿದಾಗ ಅಣ್ಣ ಬೇಡ ಅಂದು ವಾದಕ್ಕೇ ಇಳಿದರು. ಅವನ ಸುಳಿ ತುಂಬ ಪಕ್ಕಕ್ಕಿತ್ತು, ಒಂದು ಅರ್ಧ ಎದ್ದು ಒಂದು ಅರ್ಧ ಮಲಗುತ್ತದೆ ಅನ್ನುವುದು ನಿಜವೇ. ಆದರೂ ಹದಿಹರೆಯದ ಹುಡುಗನಿಗೆ ಒಮ್ಮೆ ಬಾಚಿ ತೋರಿಸಿದ್ದರೆ ಚೆನ್ನಾಗಿತ್ತು ಅಂತ ನನ್ನ ಅಭಿಪ್ರಾಯ.

ಹೋಗುವವರಿಗೆ ಒಂದು ಮಾತು. ಸೆಲ್ಫಿ ತೋರಿಸಿ ಬೈತಲೆ ಕೇಳಬೇಡಿ. ಕೆಲವು ಫೋನುಗಳು ಮುಂದಿನ ಕ್ಯಾಮೆರಾದ ಫೋಟೋವನ್ನು ಕನ್ನಡಿಯ ಹಾಗೆ ತಿರುಗಿಸಿ ಇಡುತ್ತವೆ, ಎಡ ಬಲ ಅದಲು ಬದಲಾಗುತ್ತದೆ. ಬೇರೆಯವರ ಕೈಯಲ್ಲಿ ಹಿಂದಿನ ಕ್ಯಾಮೆರಾದಿಂದ ಎರಡು ಫೋಟೋ ತೆಗೆಸಿಕೊಳ್ಳಿ: ಮುಖದ್ದು ಒಂದು, ತಲೆಯ ಹಿಂದಿನಿಂದ ಸುಳಿ ಕಾಣುವ ಹಾಗೆ ಒಂದು. ಎಣ್ಣೆ ಹಚ್ಚಿಕೊಂಡು ಹೋದರೆ ಅವರು ತಲೆ ತೊಳೆಸಿಯೇ ಕೂರಿಸುತ್ತಾರೆ, ಹಾಗಾಗಿ ಮನೆಯಲ್ಲೇ ತೊಳೆದು ಹೋಗಿ. ಹೆಣ್ಣುಮಕ್ಕಳ ಉದ್ದ ಕೂದಲಿಗೆ ಅಂಗಡಿಯಲ್ಲಿ ಕಟಿಂಗ್ ಇಲ್ಲ. ಆದರೆ ನಾನು ಮಗನ ಜೊತೆ ಕೂತಿದ್ದಾಗ ನನ್ನ ಹುಟ್ಟು ಬೈತಲೆ ಎಲ್ಲಿದೆ ಅಂತ ನೋಡಿ ಹೇಳಿದರು. ಜಡೆ ಬಿಗಿಯಾಗಿ ಹೆಣೆದು ಒಂದೇ ಗೆರೆ ವರ್ಷಗಟ್ಟಲೆ ಎಳೆದರೆ ಅಲ್ಲಿ ಕೂದಲು ಉದುರುತ್ತದೆ, ಆಗಾಗ ಸ್ವಲ್ಪ ಜರುಗಿಸಿ, ಜಡೆ ಸಡಿಲ ಬಿಡಿ ಅಂದರು. ಅದಕ್ಕೆ ದುಡ್ಡು ತಗೊಳ್ಳಲಿಲ್ಲ.